‘ಸ್ಪಷ್ಟಗೊಳಿಸಿದ ಚಿತ್ರ’ ಎಂಬ ಸುಳ್ಳು

2021ರ ಏಪ್ರಿಲ್‌ನಲ್ಲಿ ವೈಸ್ ಎಂಬ ಅಂತರಜಾಲ ಪತ್ರಿಕೆ ಕಾಂಬೋಡಿಯಾದ ಒಂದಷ್ಟು ಹಳೆಯ ಫೋಟೋಗಳನ್ನು ಪ್ರಕಟಿಸಿತು. ಅವು ನಾಮ್ ಪೆನ್ ನಗರದ ತೂಲ್ ಸ್ಲೆಂಗ್ ಸೆರೆಮನೆಯವು. ಖ್ಮೇರ್ ರೂಜ್ ಆಡಳಿತದಲ್ಲಿ ಎಸ್-21 ಎಂದು ಕರೆಯುತ್ತಿದ್ದ ಆ ಜಾಗಕ್ಕೆ ಹೋದವರಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು ಜನ. ಒಳಗೆ ಬಂದ ಪ್ರತಿ ಕೈದಿಯನ್ನೂ ಕೂರಿಸಿ ಫೋಟೋ ತೆಗೆದು ಕಡತಕ್ಕೆ ಸೇರಿಸುತ್ತಿದ್ದರು. ಆ ಕಪ್ಪು ಬಿಳುಪು ಫೋಟೋಗಳಿಗೆ ಐರ್ಲೆಂಡಿನ ಮ್ಯಾಟ್ ಲಾಕ್ರಿ ಎಂಬ ಕಲಾವಿದ ಬಣ್ಣ ತುಂಬಿದ್ದ. ಲೇಖನವೂ ಅದನ್ನೇ ಹೇಳಿತ್ತು: ಇವು ಬಣ್ಣ ತುಂಬಿದ ಚಿತ್ರಗಳು.

ಮೂಲ ಫೋಟೋಗಳನ್ನು ಬಲ್ಲವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆಯದೇ ಸಂಗತಿ ಹೊರಬಿತ್ತು. ಮೂಲದಲ್ಲಿ ನಗದ ಕೈದಿಗಳು ಬಣ್ಣದ ಚಿತ್ರದಲ್ಲಿ ನಗುತ್ತಿದ್ದರು. ಕಾಂಬೋಡಿಯಾದ ಸಂಸ್ಕೃತಿ ಇಲಾಖೆ ಚಿತ್ರಗಳನ್ನು ತೆಗೆಯಿರಿ ಎಂದು ಬಹಿರಂಗವಾಗಿ ಒತ್ತಾಯಿಸಿತು. ಬಣ್ಣಕ್ಕಿಂತ ಹೆಚ್ಚಿನ ಬದಲಾವಣೆ ಆಗಿದೆ ಎಂದು ಒಪ್ಪಿಕೊಂಡು ಪತ್ರಿಕೆ ಲೇಖನವನ್ನೇ ಹಿಂತೆಗೆದುಕೊಂಡಿತು.

ಈ ಪ್ರಕರಣದಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಅಲ್ಲಿ ಲೇಬಲ್ ಇತ್ತು. ‘ಬಣ್ಣ ತುಂಬಿದ್ದು’ ಎಂಬ ಮಾತು ಸುಳ್ಳಾಗಿರಲಿಲ್ಲ. ಆದರೆ ಆ ನಿಜವೇ ದೊಡ್ಡ ಸುಳ್ಳಿಗೆ ಪರದೆಯಾಯಿತು. ಬಣ್ಣ ಒಂದು ಹೊರತು ಉಳಿದದ್ದೆಲ್ಲ ಮೂಲದ್ದೇ ಎಂದು ಓದುಗ ನಂಬುವಂತೆ ಮಾಡಿತು. ಎರಡನೆಯದು, ಆ ನಗು ಎಐ ತಂತ್ರಾಂಶದಿಂದ ಬಂತೋ, ಕೈಕೆಲಸದಿಂದ ಬಂತೋ ಎಂಬುದರಿಂದ ಸತ್ತವರಿಗೆ ಆದ ಅಪಚಾರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಆಗುವುದಿಲ್ಲ. ಇಂದು ಸುದ್ದಿಮನೆಗಳಲ್ಲಿ, ಸರ್ಕಾರದ ನಿಯಮಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ನಡೆಯುತ್ತಿರುವ ಲೇಬಲ್ ಚರ್ಚೆ ಮತ್ತೆ ಮತ್ತೆ ತಪ್ಪುವುದು ಈ ಎರಡೇ ಕಡೆ. ಅದು ಉಪಕರಣ ಯಾವುದೆಂದು ಕೇಳುತ್ತದೆ, ವಿವರ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಲೇಬಲ್ ಇದೆಯೇ ಎಂದು ನೋಡುತ್ತದೆ, ಲೇಬಲ್ ಏನು ಹೇಳುತ್ತದೆ ಎಂದು ನೋಡುವುದಿಲ್ಲ.

ಮೊದಲು ಎಐ ಮಾಡುವ ಕೆಲಸ ಏನೆಂದು ನೋಡೋಣ. ಮಸುಕಾದ ಫೋಟೋವನ್ನು ‘ಸ್ಪಷ್ಟಗೊಳಿಸುವುದು’ ಎಂದಾಗ ಮನಸ್ಸಿಗೆ ಬರುವ ಚಿತ್ರ ಧೂಳು ಹಿಡಿದ ಕನ್ನಡಕ ಒರೆಸುವುದು. ಗಾಜಿನ ಹಿಂದೆ ದೃಶ್ಯ ಇದ್ದೇ ಇದೆ, ಒರೆಸಿದರೆ ಕಾಣುತ್ತದೆ. ಫೋಟೋ ಹಾಗಲ್ಲ. ಒಂದು ಮುಖ ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದಲ್ಲಿ ದಾಖಲಾಗಿದ್ದರೆ ಅಲ್ಲಿ ಇರುವುದು 256 ಚುಕ್ಕಿಗಳ ಮಾಹಿತಿ ಮಾತ್ರ. ರೆಪ್ಪೆ, ಹುಬ್ಬು, ತುಟಿಯ ಅಂಚು ಯಾವುದೂ ಅದರ ಹಿಂದೆ ಅಡಗಿ ಕುಳಿತಿಲ್ಲ. ತಾನು ಕಲಿತ ಲಕ್ಷಾಂತರ ಬೇರೆ ಮುಖಗಳಿಂದ ಈ 256 ಚುಕ್ಕಿಗಳಿಗೆ ಒಪ್ಪುವ ಒಂದು ಮುಖವನ್ನು ಎಐ ಕಟ್ಟಿ ಕೊಡುತ್ತದೆ. ಒಪ್ಪುವ ಮುಖಗಳು ಅಸಂಖ್ಯ. ಅದು ಒಂದನ್ನು ಆರಿಸುತ್ತದೆ, ಅಷ್ಟೆ.

2020ರ ಜೂನ್‌ನಲ್ಲಿ ಇದು ಜಗತ್ತಿಗೇ ಕಾಣಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಪಲ್ಸ್ ಎಂಬ ತಂತ್ರಾಂಶವನ್ನು ಹೊರತಂದಿದ್ದರು. ಚಿಕ್ಕ, ಮಸುಕು ಮುಖವನ್ನು ಕೊಟ್ಟರೆ ದೊಡ್ಡ, ಚೂಪಾದ ಮುಖವನ್ನು ಅದು ಕೊಡುತ್ತಿತ್ತು. ಯಾರೋ ಅದಕ್ಕೆ ಬರಾಕ್ ಒಬಾಮ ಅವರ ಮಸುಕು ಮಾಡಿದ ಫೋಟೋ ಹಾಕಿದರು. ನೋಡಿದ ಯಾರಿಗಾದರೂ ಅದು ಒಬಾಮ ಎಂದು ತಿಳಿಯುತ್ತಿತ್ತು. ತಂತ್ರಾಂಶ ಕೊಟ್ಟದ್ದು ಒಬ್ಬ ಬಿಳಿಯ ವ್ಯಕ್ತಿಯ ಮುಖ. ಅದನ್ನು ಮತ್ತೆ ಚಿಕ್ಕದು ಮಾಡಿದರೆ ಹೆಚ್ಚುಕಡಿಮೆ ಅದೇ ಮಸುಕು ಚಿತ್ರ ಸಿಗುವಂತೆಯೇ ಅದು ಕೆಲಸ ಮಾಡುವುದು. ಲೆಕ್ಕದ ಪ್ರಕಾರ ಉತ್ತರ ಸರಿ, ಮನುಷ್ಯ ಮಾತ್ರ ಬೇರೆ. ಆಮೇಲಿನ ತಂತ್ರಾಂಶಗಳು ಇದಕ್ಕಿಂತ ಬಹಳ ನಯವಾಗಿವೆ. ಆದರೆ ಇಲ್ಲದ ಮಾಹಿತಿಯನ್ನು ಅವೂ ಹುಡುಕಿ ತರುವುದಿಲ್ಲ. ನಯವಾದಷ್ಟೂ ಅವುಗಳ ಊಹೆ ಊಹೆಯಂತೆ ಕಾಣುವುದಿಲ್ಲ.

ಸುದ್ದಿಯಲ್ಲಿ ಇದು ಏನು ಮಾಡುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್ ಸಾಕ್ಷಿ. ಅಮೆರಿಕದ ಯೂಟಾದಲ್ಲಿ ಚಾರ್ಲಿ ಕರ್ಕ್ ಹತ್ಯೆಯಾದ ಮರುದಿನ ಎಫ್‌ಬಿಐ ಶಂಕಿತನ ಮಸುಕು ಫೋಟೋಗಳನ್ನು ಬಿಡುಗಡೆ ಮಾಡಿ ಗುರುತಿಸಲು ಸಹಾಯ ಕೇಳಿತು. ಕೆಲವೇ ಗಂಟೆಗಳಲ್ಲಿ ಜಾಲತಾಣಗಳ ತುಂಬ ಎಐ ‘ಸ್ಪಷ್ಟಗೊಳಿಸಿದ’ ಆವೃತ್ತಿಗಳು ಹರಿದಾಡಿದವು. ಒಂದರಲ್ಲಿ ಅಂಗಿ ಬೇರೆ, ಇನ್ನೊಂದರಲ್ಲಿ ದವಡೆಯೇ ಬೇರೆ. ಮೂಲ ಒಂದೇ, ಮನುಷ್ಯರು ಹಲವರು. ಹಂಚಿದವರು ಮೋಸಗಾರರಲ್ಲ, ಪೊಲೀಸರಿಗೆ ನೆರವಾಗಬೇಕೆಂಬ ಆಸೆಯವರೇ ಹೆಚ್ಚು. ಆದರೆ ಮಸುಕು ಫೋಟೋ ಅನುಮಾನಕ್ಕೆ ಜಾಗ ಉಳಿಸುತ್ತದೆ, ‘ಇರಬಹುದೇನೋ’ ಅನ್ನಿಸುತ್ತದೆ. ಚೂಪಾದ ಫೋಟೋ ‘ಇವನೇ’ ಎನ್ನುತ್ತದೆ. ಆ ಊಹೆಯ ದವಡೆ ಯಾವುದೋ ಊರಿನ ನಿರಪರಾಧಿಯ ದವಡೆಗೆ ಹೋಲಿದರೆ ಅವನ ಮನೆ ಮುಂದೆ ಜನ ಸೇರುತ್ತಾರೆ. ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಅಮಾಯಕರು ಬಲಿಯಾದದ್ದನ್ನು ಕಂಡ ದೇಶಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯಾವಾಗ ಹೇಳಬೇಕು? ಇದಕ್ಕೆ ಎಲ್ಲರೂ ಬಳಸುವ ಅಳತೆಗೋಲು ‘ಅರ್ಥ ಬದಲಾಗಿದೆಯೇ’ ಎಂಬುದು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2026ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿಯೂ ಅದನ್ನೇ ಹಿಡಿದಿದೆ. ಕೃತಕವಾಗಿ ಸೃಷ್ಟಿಸಿದ ಚಿತ್ರಕ್ಕೆ ಲೇಬಲ್ ಕಡ್ಡಾಯ ಎನ್ನುವ ಆ ನಿಯಮ, ವಾಡಿಕೆಯ ಅಥವಾ ಸದುದ್ದೇಶದ ತಿದ್ದುವಿಕೆಯನ್ನು, ಬಣ್ಣ ಸರಿಪಡಿಸುವಿಕೆಯನ್ನು, ಗುಣಮಟ್ಟ ಹೆಚ್ಚಿಸುವಿಕೆಯನ್ನು, ವಸ್ತುವಿನ ತಿರುಳು ಬದಲಾಗದಿದ್ದರೆ, ಹೊರಗಿಡುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಬೆಳಕು ಹೆಚ್ಚಿಸಿದ್ದಕ್ಕೆಲ್ಲ ಲೇಬಲ್ ಹಾಕಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ತಿರುಳು ಬದಲಾಗಿಲ್ಲ ಎಂದು ತೀರ್ಮಾನಿಸುವವರು ಯಾರು? ಚಿತ್ರವನ್ನು ತಿದ್ದಿದವರೇ. ತಿದ್ದಿದವರಿಗೆ ತಮ್ಮ ಉದ್ದೇಶ ಯಾವಾಗಲೂ ಒಳ್ಳೆಯದಾಗಿಯೇ ಕಾಣುತ್ತದೆ. ರಾತ್ರಿ ಹನ್ನೊಂದಕ್ಕೆ ಪುಟ ಮುಗಿಸಬೇಕಾದ ಉಪಸಂಪಾದಕ ಮಸುಕು ಫೋಟೋವನ್ನು ಎಐಗೆ ಹಾಕುವುದು ಓದುಗರಿಗೆ ಚೆನ್ನಾಗಿ ಕಾಣಲೆಂದೇ. ‘ಅರ್ಥ ಬದಲಾಗಿದೆಯೇ’ ಎಂದು ಅವರನ್ನು ಕೇಳಿದರೆ ‘ಇಲ್ಲ’ ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ.

ಆದ್ದರಿಂದ ಅಳತೆಗೋಲು ಬದಲಾಗಬೇಕು. ಕೇಳಬೇಕಾದ ಪ್ರಶ್ನೆ ಇದು: ಈಗ ಕಾಣುತ್ತಿರುವ ವಿವರ ಇದೇ ಫೋಟೋದಿಂದ ಬಂದದ್ದೇ, ಹೊರಗಿನಿಂದ ಬಂದದ್ದೇ? ಇದಕ್ಕೆ ಉದ್ದೇಶ ಬೇಕಿಲ್ಲ, ಅಭಿಪ್ರಾಯವೂ ಬೇಕಿಲ್ಲ. ಕತ್ತಲೆಯ ಭಾಗವನ್ನು ಬೆಳಗಿಸಿದರೆ, ಅಂಚು ಕತ್ತರಿಸಿದರೆ, ವಾಲಿದ್ದನ್ನು ನೇರ ಮಾಡಿದರೆ ಇರುವ ಮಾಹಿತಿಯೇ ಮೇಲೆ ಬರುತ್ತದೆ. ಹೇಳಬೇಕಿಲ್ಲ. ಆಕಾಶದ ಮೇಲಿನ ಗೀರನ್ನು ಪಕ್ಕದ ಆಕಾಶದಿಂದ ಮುಚ್ಚಿದರೂ ಅಷ್ಟೆ. ಅದೇ ಗೀರು ಒಬ್ಬರ ಕಣ್ಣನ್ನು ಅಳಿಸಿದ್ದರೆ ಹೊಸ ಕಣ್ಣು ಈ ಫೋಟೋದಿಂದ ಬರಲು ಸಾಧ್ಯವಿಲ್ಲ. ಅದು ಬೇರೆಯವರ ಕಣ್ಣುಗಳ ಸರಾಸರಿ. ಅದನ್ನು ಹೇಳಲೇಬೇಕು. ಬಣ್ಣ ತುಂಬುವುದೂ ಈ ಕಡೆಗೇ ಸೇರುತ್ತದೆ. ಬೂದುಬಣ್ಣದ ಒಂದೇ ಛಾಯೆ ಹಸಿರು ಸೀರೆಯದೂ ಇರಬಹುದು, ಕೆಂಪು ಸೀರೆಯದೂ ಇರಬಹುದು. ಕೆಂಪು ಬೆಳಕು ತಾಗದ ಹಳೆಯ ಆರ್ಥೊಕ್ರೋಮ್ಯಾಟಿಕ್ ಫಿಲ್ಮಿನಲ್ಲಂತೂ ಹಣೆಯ ಕುಂಕುಮ ಕಪ್ಪಾಗಿ ಬೀಳುತ್ತಿತ್ತು. ಆ ಕಪ್ಪು ಬೊಟ್ಟು ಕಾಡಿಗೆಯೋ ಕುಂಕುಮವೋ ಎಂದು ಫೋಟೋ ಹೇಳುವುದಿಲ್ಲ, ಎಐ ಹೇಳಿಬಿಡುತ್ತದೆ.

ಯಾವ ಕಡೆಗೆ ಸೇರಿಸಬೇಕೆಂದು ತಿಳಿಯದ ಸಂದರ್ಭಗಳೂ ಇವೆ. ರಾತ್ರಿಯ ಫೋಟೋದ ಕಾಳುಕಾಳನ್ನು ತೆಗೆಯುವ ಎಐ ಸೌಲಭ್ಯ ಅಂಥದ್ದು. ಅದಕ್ಕೆ ಸುಲಭದ ಪರೀಕ್ಷೆ ಇದೆ. ಅದೇ ಮೂಲವನ್ನು ಎರಡು ಬೇರೆ ತಂತ್ರಾಂಶಗಳಿಗೆ ಕೊಟ್ಟು ಫಲಿತಾಂಶಗಳನ್ನು ಹಿಗ್ಗಿಸಿ ಹೋಲಿಸಬೇಕು. ಎರಡೂ ಒಂದೇ ಥರ ಬಂದ ಮಾತ್ರಕ್ಕೆ ಅದು ನಿಜ ಎಂದಲ್ಲ. ಆದರೆ ಬೇರೆ ಬಂದರೆ ಅಲ್ಲಿ ಇರುವುದು ಊಹೆ ಎಂಬುದು ಖಂಡಿತ. ನೋಡಬೇಕಾದ ಜಾಗಗಳು ಕಣ್ಣು, ಹಲ್ಲು, ಬೆರಳು, ಅಕ್ಷರ. ನಮಗಂತೂ ಅಕ್ಷರವೇ ಒಳ್ಳೆಯ ಸಾಕ್ಷಿ. ದೂರದ ಅಂಗಡಿ ಬೋರ್ಡಿನ ಮಸುಕು ಕನ್ನಡವನ್ನು ಚೂಪು ಮಾಡಲು ಹೊರಟಾಗ ಒತ್ತಕ್ಷರ, ಕೊಂಬು, ದೀರ್ಘಗಳು ಸೇರಿ ಯಾವ ಲಿಪಿಯಲ್ಲೂ ಇಲ್ಲದ ಆಕಾರ ತಾಳಿದ್ದರೆ, ಅದೇ ಕೈ ಪಕ್ಕದ ಮುಖವನ್ನೂ ಬರೆದಿದೆ ಎಂದು ತಿಳಿಯಬೇಕು. ಕೆಟ್ಟ ಅಕ್ಷರ ನಮ್ಮ ಕಣ್ಣಿಗೆ ಬೀಳುತ್ತದೆ, ಕೆಟ್ಟ ಮೂಗು ಬೀಳುವುದಿಲ್ಲ.

ಇದರ ಮೇಲೆ ಇನ್ನೊಂದು ಗೆರೆ ಎಳೆಯಬೇಕು. ಯಾರನ್ನಾದರೂ ಗುರುತಿಸಲು, ಯಾರೋ ಏನೋ ಮಾಡಿದರೆಂದು ತೋರಿಸಲು ಆಧಾರವಾಗುವ ಭಾಗವೇ ಊಹೆಯಾಗಿದ್ದರೆ, ಅಂದರೆ ಶಂಕಿತನ ಮುಖ, ಕೈಯಲ್ಲಿರುವ ವಸ್ತು, ವಾಹನದ ನಂಬರ್, ಗಾಯ, ಇವುಗಳಾಗಿದ್ದರೆ ಆ ಚಿತ್ರವನ್ನು ಸುದ್ದಿಯಲ್ಲಿ ಹಾಕಲೇಬಾರದು. ಲೇಬಲ್ ಇಲ್ಲಿ ಪಾಪ ತೊಳೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ನ್ಯಾಯಾಲಯ ಒಂದು ಕೊಲೆ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ಮೊಬೈಲ್ ವಿಡಿಯೊವೊಂದನ್ನು ಎಐನಿಂದ ಚೂಪುಗೊಳಿಸಿ ಆರೋಪಿಯ ಪರ ಸಾಕ್ಷ್ಯವಾಗಿ ತಂದಿದ್ದರು. ಅದು ತೋರಿಸುವುದು ತಂತ್ರಾಂಶ ಏನಿರಬೇಕೆಂದು ಭಾವಿಸಿತೋ ಅದನ್ನು, ಹೇಗೆ ಭಾವಿಸಿತೆಂದು ಪರಿಶೀಲಿಸಲೂ ಬರುವುದಿಲ್ಲ ಎಂಬ ಕಾರಣಕ್ಕೆ ನ್ಯಾಯಾಧೀಶರು ಅದನ್ನು ನಿರಾಕರಿಸಿದರು. ಮೂಲ ವಿಡಿಯೊಗೆ ಅಡ್ಡಿ ಇರಲಿಲ್ಲ. ಮಸುಕಾದರೂ ಅದು ಸಾಕ್ಷಿ. ಚೂಪಾದದ್ದು ಸಾಕ್ಷಿಯ ಬಗ್ಗೆ ಒಂದು ಕಥೆ.

ಇನ್ನು ಹೇಗೆ ಹೇಳಬೇಕು ಎಂಬ ಪ್ರಶ್ನೆ. ‘ಎಐ ಬಳಸಲಾಗಿದೆ’ ಎಂದು ಎಲ್ಲದಕ್ಕೂ ಅಂಟಿಸಿದರೆ ಏನಾಗುತ್ತದೆಂದು ಮೆಟಾ ಕಂಪನಿ 2024ರಲ್ಲಿ ತೋರಿಸಿಕೊಟ್ಟಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅದು ‘ಎಐನಿಂದ ತಯಾರಾದದ್ದು’ ಎಂಬ ಲೇಬಲ್ ಹಾಕಲು ತೊಡಗಿದಾಗ, ಕ್ಯಾಮೆರಾದಲ್ಲಿ ತೆಗೆದು ಸಣ್ಣದೊಂದು ಕಲೆಯನ್ನು ಅಳಿಸಿದ ಫೋಟೋಗಳಿಗೂ ಅದೇ ಮುದ್ರೆ ಬಿತ್ತು. ಛಾಯಾಗ್ರಾಹಕರು ಸಿಟ್ಟಾದರು. ಜುಲೈನಲ್ಲಿ ಕಂಪನಿ ಮಾತನ್ನು ‘ಎಐ ಮಾಹಿತಿ’ ಎಂದು ಬದಲಿಸಿತು. ಮೊದಲನೆಯದು ತಪ್ಪು ಹೇಳುತ್ತಿತ್ತು, ಎರಡನೆಯದು ಏನನ್ನೂ ಹೇಳಲಿಲ್ಲ. ನಮ್ಮ ಸರ್ಕಾರದ 2025ರ ಅಕ್ಟೋಬರ್ ಕರಡು ಚಿತ್ರದ ಶೇಕಡ 10ರಷ್ಟು ಜಾಗವನ್ನು ಲೇಬಲ್ ತುಂಬಬೇಕು ಎಂದಿತ್ತು. ಅಂತಿಮ ನಿಯಮದಲ್ಲಿ ಆ ಅಳತೆ ಹೋಯಿತು. ಹೋದದ್ದು ಒಳ್ಳೆಯದೇ. ಹತ್ತರಲ್ಲೊಂದು ಭಾಗ ಹಿಡಿದ ಖಾಲಿ ಮಾತು ಚಿಕ್ಕ ಖಾಲಿ ಮಾತಿಗಿಂತ ಹೆಚ್ಚೇನನ್ನೂ ತಿಳಿಸುವುದಿಲ್ಲ.

ಫೈಲಿನೊಳಗೆ ಮಾಹಿತಿ ಹುದುಗಿಸಿದರೆ ಸಾಕು ಎನ್ನುವವರಿದ್ದಾರೆ. ಸುದ್ದಿಸಂಸ್ಥೆಗಳ ಐಪಿಟಿಸಿ ಮಾನದಂಡದಲ್ಲಿ ಇದಕ್ಕೆ `algorithmicallyEnhanced` ಎಂಬ ಗುರುತೇ ಇದೆ. ಸಂಗ್ರಹಾಲಯಕ್ಕೆ ಅದು ಬೇಕು, ಹಾಕಲಿ. ಆದರೆ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದರೆ ಆ ಗುರುತು ಉದುರಿ ಹೋಗುತ್ತದೆ. ಓದುಗನಿಗೆ ತಲುಪುವುದು ಚಿತ್ರದೊಳಗೇ ಅಚ್ಚಾದ ಮಾತು ಮಾತ್ರ.

ಒಂದು ಉದಾಹರಣೆ ಕಟ್ಟಿ ನೋಡೋಣ. ಮುಂಬಯಿಯಲ್ಲೋ ಪುಣೆಯಲ್ಲೋ ಒಂದು ಕನ್ನಡ ಸಂಘ. ಸ್ಮರಣ ಸಂಚಿಕೆಗೆ 1962ರ ಗುಂಪು ಫೋಟೋ ಬೇಕು. ಸಿಕ್ಕಿದ್ದು ಹಳೆಯ ಸಂಚಿಕೆಯಲ್ಲಿ ಅಚ್ಚಾದ ಪ್ರತಿ. ಆರು ಇಂಚು ಅಗಲ, ಹಿಂದಿನ ಸಾಲಿನಲ್ಲಿ ಇಪ್ಪತ್ತು ಜನ. ಒಬ್ಬೊಬ್ಬರಿಗೆ ಸಿಕ್ಕುವುದು ಏಳೂವರೆ ಮಿಲಿಮೀಟರ್, ಮುಖದ ಅಗಲ ಸುಮಾರು ಮೂರು ಮಿಲಿಮೀಟರ್. ಆ ಕಾಲದ ಬ್ಲಾಕಿನಲ್ಲಿ ಇಂಚಿಗೆ 65ರಿಂದ 85 ಚುಕ್ಕಿ ಎಂದು ಹಿಡಿದರೆ ಒಂದು ಮುಖದ ಅಗಲಕ್ಕೆ ಎಂಟರಿಂದ ಹತ್ತು ಚುಕ್ಕಿ. ಕಣ್ಣು ಮುಖದ ಐದನೇ ಒಂದು ಭಾಗ, ಅಂದರೆ ಎರಡೇ ಚುಕ್ಕಿ. ಇದನ್ನು ಎಐಗೆ ಕೊಟ್ಟರೆ ಇಪ್ಪತ್ತೂ ಜನರಿಗೆ ಹೊಳೆಯುವ ಕಣ್ಣು, ತಿದ್ದಿದ ಹುಬ್ಬು ಬರುತ್ತವೆ. ಸಂಚಿಕೆ ಹೊರಬರುತ್ತದೆ. ಹುಬ್ಬಳ್ಳಿಯಲ್ಲೋ ದೆಹಲಿಯಲ್ಲೋ ಇರುವ ಮೊಮ್ಮಗಳೊಬ್ಬಳು ‘ಎಡದಿಂದ ಏಳನೆಯವರು ನಮ್ಮ ಅಜ್ಜ’ ಎಂದು ಆ ಮುಖವನ್ನು ಕತ್ತರಿಸಿ ಗೋಡೆಗೆ ಹಾಕುತ್ತಾಳೆ. ಅಜ್ಜನ ಬೇರೆ ಫೋಟೋ ಮನೆಯಲ್ಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅಜ್ಜ ಎಂದರೆ ಎಂದೂ ಇರದಿದ್ದ ಒಬ್ಬ ಮನುಷ್ಯ. ಅವರನ್ನು ಕಣ್ಣಾರೆ ಕಂಡಿದ್ದ ಕೊನೆಯವರು ಹೋದ ಮೇಲೆ ಇದು ತಪ್ಪೆಂದು ಹೇಳಲು ಯಾರೂ ಉಳಿಯುವುದಿಲ್ಲ.

ಸಂಘ ಏನು ಮಾಡಬೇಕಿತ್ತು? ಮೊದಲು ಅಚ್ಚಿನ ಪ್ರತಿಯನ್ನು ಬಿಟ್ಟು ಮೂಲ ಫೋಟೋವನ್ನು ಹುಡುಕಬೇಕಿತ್ತು. ಫೋಟೋ ಕಾಗದದ ಪ್ರತಿ ಸಿಕ್ಕಿ, ಇಂಚಿಗೆ 1200 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಅದೇ ಮುಖಕ್ಕೆ 140 ಚುಕ್ಕಿ ಸಿಗುತ್ತದೆ. ಕಾಗದದಲ್ಲಿ ಅಷ್ಟೆಲ್ಲ ವಿವರ ಇಲ್ಲದೆ ಹೋಗಬಹುದು, ಆದರೆ ಇರುವುದೆಲ್ಲ ಅಜ್ಜನದೇ. ಹಳೆಯ ಸದಸ್ಯರ ಮನೆಗಳಿಗೆ ನಾಲ್ಕು ಫೋನ್ ಮಾಡುವುದು ಎಐ ಗುಂಡಿ ಒತ್ತುವುದಕ್ಕಿಂತ ಕಷ್ಟ. ನಿಜವಾದ ‘ಸ್ಪಷ್ಟಗೊಳಿಸುವಿಕೆ’ ಅದೇ. ಮೂಲ ಸಿಗಲೇ ಇಲ್ಲ, ಸಭಿಕರು ಚೆಂದದ ಚಿತ್ರ ಕೇಳುತ್ತಾರೆ ಎಂದಾದರೆ ಅಚ್ಚಿನ ಪ್ರತಿಯನ್ನು ಇದ್ದಂತೆಯೇ ದೊಡ್ಡದಾಗಿ ಹಾಕಿ, ಎಐ ಆವೃತ್ತಿಯನ್ನು ಪಕ್ಕದಲ್ಲಿ ಚಿಕ್ಕದಾಗಿ ಇಡಲಿ. ಅದರ ಕೆಳಗಿನ ಅಂಚಿನಲ್ಲಿ, ಚಿತ್ರದೊಳಗೇ, ಹೀಗೆ ಬರೆಯಲಿ: ‘ಹಿಂದಿನ ಸಾಲಿನ ಮುಖಗಳು ಎಐ ಊಹೆ. ಗುರುತು ಹಿಡಿಯಲು ಮೂಲವನ್ನೇ ನೋಡಿ.’

ಈ ಲೇಬಲ್‌ನಲ್ಲಿ ‘ಊಹೆ’ ಎಂಬ ಮಾತೇ ಮುಖ್ಯ. ‘ಸ್ಪಷ್ಟಗೊಳಿಸಲಾಗಿದೆ’, ‘ವರ್ಧಿಸಲಾಗಿದೆ’, ‘ಮರುಸ್ಥಾಪಿಸಲಾಗಿದೆ’ ಎಂಬ ಮೂರೂ ಮಾತುಗಳು ಒಳಗೆ ಇದ್ದದ್ದು ಹೊರಬಂದಿದೆ ಎಂದೇ ಹೇಳುತ್ತವೆ. ಅವು ಮಾರಾಟಗಾರರ ಮಾತುಗಳು, ಪತ್ರಿಕೆಗಳು ಅವನ್ನು ಹಾಗೆಯೇ ಎತ್ತಿಕೊಂಡಿವೆ. ಮೇಲಾಗಿ ‘ಲಾಗಿದೆ’ ಎಂಬ ಆ ಕರ್ಮಣಿ ಪ್ರಯೋಗದಲ್ಲಿ ಮಾಡಿದವರು ಮಾಯವಾಗುತ್ತಾರೆ. ಕನ್ನಡಕ್ಕೆ ಈ ಬಡತನ ಬೇಕಿಲ್ಲ. ‘ಅವನು ಬಂದ’ ಎನ್ನುವುದಕ್ಕೂ ‘ಅವನು ಬಂದನಂತೆ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಮಾತು ಕಲಿಯುವ ಮಗುವಿಗೂ ಗೊತ್ತು. ಕಂಡದ್ದು ಒಂದು, ಕೇಳಿದ್ದು ಇನ್ನೊಂದು. ನಮ್ಮ ಭಾಷೆ ಅದನ್ನು ಕ್ರಿಯಾಪದದ ತುದಿಯಲ್ಲೇ ಅಂಟಿಸಿ ಕಳಿಸುತ್ತದೆ, ಅಡಿಟಿಪ್ಪಣಿಗೆ ದೂಡುವುದಿಲ್ಲ. ಫೋಟೋದ ಲೇಬಲ್ ಆ ‘ಅಂತೆ’ಯಂತೆ ಇರಬೇಕು: ಚಿಕ್ಕದು, ಅಂಟಿಕೊಂಡದ್ದು, ಬಿಟ್ಟರೆ ಅರ್ಥವೇ ಕೆಡುವಂಥದ್ದು.

ಶಾಸನ ಓದುವವರು ಈ ಶಿಸ್ತನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಕಲ್ಲು ಸವೆದು ಅಕ್ಷರ ಹೋದ ಕಡೆ ಸಂಪಾದಕರು ಚುಕ್ಕಿ ಇಡುತ್ತಾರೆ. ಸಂದರ್ಭದಿಂದ ಊಹಿಸಿದ ಅಕ್ಷರವನ್ನು ಕಂಸದಲ್ಲಿ ಹಾಕುತ್ತಾರೆ. ಅವರ ಊಹೆ ಬಹುತೇಕ ಸರಿಯೇ ಇರುತ್ತದೆ, ಆದರೂ ಕಂಸ ತೆಗೆಯುವುದಿಲ್ಲ. ಮುಂದೆ ಬರುವವರು ಕಲ್ಲನ್ನೂ ಸಂಪಾದಕರನ್ನೂ ಬೇರೆ ಬೇರೆ ಕೇಳಬೇಕಲ್ಲ! ಹಾಗೆ ಕಂಸ ಹಾಕಿದ್ದಕ್ಕೆ ಯಾವ ವಿದ್ವಾಂಸರ ಮರ್ಯಾದೆಯೂ ಕಡಿಮೆಯಾಗಿಲ್ಲ.

‘ಫೋಟೋ ಎಂದರೆ ಮೊದಲಿನಿಂದಲೂ ತಿದ್ದಿದ್ದೇ ಅಲ್ಲವೇ, ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿರಲಿಲ್ಲವೇ, ಅಜ್ಜಿಯ ಕೆನ್ನೆಗೆ ಬಣ್ಣ ಬಳಿಯುತ್ತಿರಲಿಲ್ಲವೇ’ ಎಂಬ ವಾದ ಬರುತ್ತದೆ. ಬಳಿಯುತ್ತಿದ್ದರು. ಆದರೆ ಆ ಬಣ್ಣ ತಾನು ಬಣ್ಣವೆಂದು ಒಪ್ಪಿಕೊಂಡಿತ್ತು. ಗಡಿ ದಾಟಿದ ಗುಲಾಬಿ, ಒಂದೇ ಹದದ ನೀಲಿ ಸೀರೆ, ನೋಡಿದರೆ ತಿಳಿಯುತ್ತಿತ್ತು. ಕೈಯ ಗುರುತೇ ಅದರ ಲೇಬಲ್. ಎಐ ಆ ಗುರುತನ್ನು ಅಳಿಸಿದೆ. ಅದು ಅಳಿಸಿದ್ದನ್ನು ನಾವು ಅಕ್ಷರದಲ್ಲಿ ಬರೆದು ತುಂಬಬೇಕು.

‘ಓದುಗರಿಗೆ ಇಷ್ಟೆಲ್ಲ ಯಾರಿಗೆ ಬೇಕು’ ಎನ್ನುವವರಿಗೆ ತೂಲ್ ಸ್ಲೆಂಗಿನ ಮನೆಮಂದಿಯೇ ಉತ್ತರ. ಆ ಕಡತದ ಫೋಟೋವೇ ಎಷ್ಟೋ ಮನೆಗಳಿಗೆ ತಮ್ಮವರ ಕೊನೆಯ ಗುರುತು. ಅದರಲ್ಲಿ ಭಯವಿದ್ದರೆ ಆ ಭಯವೂ ಅವರದ್ದೇ. ಅದನ್ನು ಮಸುಕಾಗಿಯೇ ಉಳಿಸಿಕೊಳ್ಳುವುದು ಅವರ ಹಕ್ಕು. ಯಾರದೋ ನಗುವನ್ನು ಅವರ ತುಟಿಗೆ ಅಂಟಿಸಿ, ಕೆಳಗೆ ‘ಬಣ್ಣ ತುಂಬಿದ್ದು’ ಎಂದು ಬರೆದು ಕೈ ತೊಳೆದುಕೊಳ್ಳುವ ಹಕ್ಕು ಯಾವ ಸಂಪಾದಕರಿಗೂ ಇಲ್ಲ.